ಕಣ್ಣುರೆಪ್ಪೆಯ ಹಳದಿ ಮಚ್ಚೆ ಮತ್ತು ಒಂದು ರಕ್ತಪರೀಕ್ಷೆ

ಮೂಗಿಗೆ ಹತ್ತಿರದ ಕಣ್ಣಿನ ಮೂಲೆಯಲ್ಲಿ, ರೆಪ್ಪೆಯ ಮೇಲೆ ಬೆಣ್ಣೆ ಸವರಿದ ಹಾಗೆ ಕೆಲವರಿಗೆ ಹಳದಿ ಮಚ್ಚೆ ಇರುತ್ತೆ. ಮುಟ್ಟಿದರೆ ಮೆತ್ತಗೆ. ನೋವಿಲ್ಲ, ತುರಿಕೆಯಿಲ್ಲ. ಮೊಡವೆ ಅಂದುಕೊಂಡು ಹಿಸುಕಿದರೂ ಏನೂ ಬರಲ್ಲ. ಇದರ ಹೆಸರು ಕ್ಸಾಂಥೆಲಾಸ್ಮಾ. ಊರಲ್ಲಿ ಸೋದರಮಾವನಿಗೋ ದೊಡ್ಡಮ್ಮನಿಗೋ ಇದ್ದದ್ದನ್ನು ನೀವು ನೋಡಿರಬಹುದು.

ಆ ಹಳದಿ ಬಣ್ಣ ಕೊಲೆಸ್ಟರಾಲ್‌ನದು. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ರೆಪ್ಪೆಯ ತೆಳು ಚರ್ಮದೊಳಕ್ಕೆ ಸೋರುತ್ತವೆ. ಅಲ್ಲಿನ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಅವನ್ನು ನುಂಗಿ, ಕೊಬ್ಬು ತುಂಬಿಕೊಂಡು ಊದಿಕೊಳ್ಳುತ್ತವೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದೂ ಹೆಚ್ಚುಕಡಿಮೆ ಹೀಗೇ.

ಹಾಗಂತ ಮಚ್ಚೆ ಇದ್ದವರಿಗೆಲ್ಲ ಕೊಲೆಸ್ಟರಾಲ್ ಜಾಸ್ತಿ ಅಂತಲ್ಲ. ಸುಮಾರು ಅರ್ಧದಷ್ಟು ಜನರ ರಿಪೋರ್ಟ್ ನಾರ್ಮಲ್ ಬರುತ್ತೆ. ಆದರೆ ಕೋಪನ್‌ಹೇಗನ್‌ನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಲೆಸ್ಟರಾಲ್ ಅಂಶವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಮಚ್ಚೆ ಇದ್ದವರಿಗೆ ಹೃದಯಾಘಾತದ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಕಂಡಿತು. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದರೂ ಬಿಪಿ, ಶುಗರ್, ಸಿಗರೇಟಿನ ಕಡೆ ಒಂದು ಕಣ್ಣಿಡುವುದು ವಾಸಿ.

ನಮ್ಮ ವಯಸ್ಸಿನಲ್ಲೇ ಇದು ಕಾಣಿಸಿದರೆ ವಿಷಯ ಸ್ವಲ್ಪ ಬೇರೆ. ಇಲ್ಲಿ ಬ್ರಿಟನ್‌ನಲ್ಲಿ ಓದುತ್ತಿರುವ 24 ವರ್ಷದ ಹುಡುಗಿಯೊಬ್ಬಳಿಗೆ ಮಚ್ಚೆ ಇದೆ ಅಂದುಕೊಳ್ಳಿ. ಜಿಪಿ ಲಿಪಿಡ್ ಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ 5.4 ಅಂತ ಬರುತ್ತೆ. ಊರಿನ ಲ್ಯಾಬ್ ರಿಪೋರ್ಟಿನ ನೂರು, ಇನ್ನೂರರ ಲೆಕ್ಕ ನೋಡಿ ಅಭ್ಯಾಸವಾದವರಿಗೆ "ಅಯ್ಯೋ, ಬರೀ ಐದಾ" ಅನ್ನಿಸಬಹುದು. ಇಲ್ಲಿ ಅಳೆಯೋದು ಮಿಲಿಮೋಲ್‌ನಲ್ಲಿ. ಅದನ್ನು 38.67ರಿಂದ ಗುಣಿಸಿದರೆ ಊರಿನ ಮಿಲಿಗ್ರಾಂ ಲೆಕ್ಕ ಸಿಗುತ್ತೆ: 209. ವಯಸ್ಕರಲ್ಲಿ 4.9, ಅಂದರೆ 190 ದಾಟಿದರೆ ಕೊಲೆಸ್ಟರಾಲ್ ವಂಶದಿಂದ ಬಂದಿರಬಹುದೇ ಎಂದು ವೈದ್ಯರು ಯೋಚಿಸುತ್ತಾರೆ.

ಆದರೆ ಮೊದಲು ಥೈರಾಯ್ಡ್, ಲಿವರ್, ಕಿಡ್ನಿ, ಶುಗರ್ ನೋಡಬೇಕು, ಯಾಕೆಂದರೆ ಅವು ಕೆಟ್ಟರೂ ಕೊಲೆಸ್ಟರಾಲ್ ಏರುತ್ತೆ. ಅವೆಲ್ಲ ಸರಿಯಿದ್ದು, ಅಪ್ಪನಿಗೆ 48ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು ಅಂತ ಗೊತ್ತಾದರೆ ಅನುಮಾನ ಬಲವಾಗುತ್ತೆ. ಇದು ತುಪ್ಪ, ಹೋಳಿಗೆ ತಿಂದದ್ದರಿಂದ ಬಂದದ್ದಲ್ಲ. ಎಲ್‌ಡಿಎಲ್ ಅನ್ನು ರಕ್ತದಿಂದ ತೆಗೆಯುವ ವ್ಯವಸ್ಥೆಯ ಒಂದು ಜೀನ್‌ನಲ್ಲೇ ದೋಷ, ಅದಕ್ಕೇ ಪಥ್ಯ ಮಾತ್ರ ಸಾಲಲ್ಲ, ಸ್ಟಾಟಿನ್ ಮಾತ್ರೆ ಸಾಮಾನ್ಯವಾಗಿ ಬೇಕಾಗುತ್ತೆ. ಅದೇ ಜೀನ್ ಒಡಹುಟ್ಟಿದವರಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಊರಲ್ಲಿರುವ ತಮ್ಮನ ರೆಪ್ಪೆಯ ಮೇಲೆ ಏನೂ ಇಲ್ಲದಿದ್ದರೂ ಅವನ ರಕ್ತವನ್ನೂ ಪರೀಕ್ಷಿಸಬೇಕು.

ಇನ್ನು ಮಚ್ಚೆ ತೆಗೆಸೋದು. ಲೇಸರ್‌ನಿಂದಲೋ ಸಣ್ಣ ಶಸ್ತ್ರಚಿಕಿತ್ಸೆಯಿಂದಲೋ ತೆಗೆಯಬಹುದು, ಆದರೆ ಎಷ್ಟೋ ಜನರಿಗೆ ಮತ್ತೆ ಬರುತ್ತೆ. ಅಂದಕ್ಕೆ ಅಂತ ಮಾಡಿಸಿದರೆ ಖರ್ಚು ಸಾಮಾನ್ಯವಾಗಿ ನಮ್ಮದೇ. ಬೆಳ್ಳುಳ್ಳಿ ರಸ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕಣ್ಣಿನ ಪಕ್ಕದ ಚರ್ಮ ಸುಟ್ಟುಹೋಗುತ್ತೆ.