ಎರಡು ಚಿತ್ರ ಕಳೆದಾಗ ಉಳಿಯುವುದು

ಗೇಟಿನ ಕ್ಯಾಮೆರಾ ರಾತ್ರಿಯಿಡೀ ತೆಗೆಯುವ ಚಿತ್ರಗಳಲ್ಲಿ ಬಹುಪಾಲು ಬರೀ ಗೇಟೇ ಇರುತ್ತದೆ. ಅವನ್ನೆಲ್ಲ ಉಳಿಸಿಕೊಂಡರೆ ಮೆಮೊರಿ ಕಾರ್ಡ್ ತುಂಬುತ್ತದೆ, ನೋಡುವವರು ಯಾರೂ ಇರುವುದಿಲ್ಲ. ಇದಕ್ಕೆ ಉಪಾಯ ಕಳೆಯುವ ಲೆಕ್ಕ.

640×480 ಅಳತೆಯ ಚಿತ್ರದಲ್ಲಿ 3,07,200 ಚುಕ್ಕೆಗಳು. ಪ್ರತಿಯೊಂದರ ಬೆಳಕಿಗೂ 0ಯಿಂದ 255ರವರೆಗಿನ ಒಂದು ಅಂಕಿ. ಹಿಂದಿನ ಚಿತ್ರದಲ್ಲಿ 90 ಇದ್ದದ್ದು ಈಗ 93 ಆದರೆ, ಅದು ಮಂದ ಬೆಳಕಿನಲ್ಲಿ ಸೆನ್ಸರ್ ಮಾಡುವ ಗದ್ದಲವಷ್ಟೇ. 160 ಆದರೆ ಅಲ್ಲೇನೋ ಬದಲಾಗಿದೆ. ಹೀಗೆ ಬದಲಾದ ಚುಕ್ಕೆಗಳು, 1,500 ಎಂದಿಟ್ಟುಕೊಳ್ಳಿ, ಆ ಮಿತಿ ದಾಟಿದರೆ ಮಾತ್ರ ಚಿತ್ರ ಉಳಿಯುತ್ತದೆ.

ಒಂದು ತಮಾಷೆಯೂ ಇದೆ. ಒಂದೇ ಬಣ್ಣದ ಅಂಗಿ ತೊಟ್ಟವನು ನಿಧಾನವಾಗಿ ನಡೆದರೆ ಅಂಗಿಯ ನಡುಭಾಗ ಬದಲಾದಂತೆ ಕಾಣುವುದೇ ಇಲ್ಲ, ಅಂಚುಗಳಷ್ಟೇ ಮೂಡುತ್ತವೆ. ಅವನು ನಿಂತುಬಿಟ್ಟರೆ ಲೆಕ್ಕದಿಂದಲೇ ಮಾಯ! ಅದಕ್ಕೇ ಅನೇಕ ತಂತ್ರಾಂಶಗಳು ಹಿಂದಿನ ಚಿತ್ರದ ಬದಲು, ನಿಧಾನವಾಗಿ ಪರಿಷ್ಕರಿಸಿಕೊಳ್ಳುವ ಖಾಲಿ ಹಿನ್ನೆಲೆಯೊಂದಿಗೆ ಹೋಲಿಸುತ್ತವೆ.

ಕಾರಿನ ಹೆಡ್‌ಲೈಟ್ ಬಿದ್ದರೆ ಅರ್ಧ ಚಿತ್ರವೇ ಬದಲಾಗುತ್ತದೆ. ಅಷ್ಟೊಂದು ಒಮ್ಮೆಲೇ ಬದಲಾದರೆ ಕೈಬಿಡು ಎಂದು ಮೇಲಿನ ಮಿತಿಯನ್ನೂ ಹಾಕಬಹುದು. ಗಾಳಿಗೆ ಆಡುವ ಕೊಂಬೆಯ ಕಾಟಕ್ಕೆ ಮಾತ್ರ ಮಿತಿ ಏರಿಸಬೇಡಿ, ಕಳ್ಳನೂ ತಪ್ಪಿಸಿಕೊಂಡಾನು. ಆ ಜಾಗವನ್ನಷ್ಟೇ ಲೆಕ್ಕದಿಂದ ಮುಚ್ಚಿಬಿಡಿ.