ಒಂದೇ ಎಲೆ ಎರಡೂ ಕಡೆ

ಅಂತಿಮ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟ್‌ಗಳಲ್ಲಿ ಎಲೆಯ ಫೋಟೊ ನೋಡಿ ರೋಗ ಹೇಳುವ ಪ್ರೋಗ್ರಾಂ ಸಾಮಾನ್ಯವಾಗಿ ಕಾಣಸಿಗುತ್ತದೆ. ವರದಿಯ ಕೊನೆಯಲ್ಲಿ ನಿಖರತೆ ಶೇ. 99 ಎಂದು ಬರೆದಿರುತ್ತದೆ. ಅದನ್ನು ಕಂಡಾಗ ನಾನು ಮೊದಲು ಕೇಳುವುದು ಒಂದೇ: ಫೋಟೊಗಳನ್ನು ಎರಡು ಪಾಲು ಮಾಡಿದ್ದು ಯಾವ ಹಂತದಲ್ಲಿ?

ಕಲಿಸಲು ಒಂದು ಪಾಲು, ಪರೀಕ್ಷಿಸಲು ಇನ್ನೊಂದು. ಇವೇ ಟ್ರೇನ್ ಮತ್ತು ಟೆಸ್ಟ್. ಪರೀಕ್ಷೆಯ ಪಾಲನ್ನು ಮಾಡೆಲ್ ಹಿಂದೆಂದೂ ನೋಡಿರಬಾರದು. ಈ ನಿಯಮ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಆದರೂ ಅದು ಅವರಿಗೆ ತಿಳಿಯದ ಹಾಗೆ ಮುರಿದುಬೀಳುತ್ತದೆ.

ಒಂದು ತಂಡದ ಬಳಿ ಟೊಮೆಟೊ ಎಲೆಯ 600 ಫೋಟೊಗಳಿವೆ ಎಂದುಕೊಳ್ಳಿ. ಇಷ್ಟು ಸಾಲದೆಂದು ಪ್ರತಿ ಫೋಟೊವನ್ನೂ ತಿರುಗಿಸಿ, ಮಗುಚಿ, ಬೆಳಕು ಹೆಚ್ಚುಕಡಿಮೆ ಮಾಡಿ ಇನ್ನೂ ನಾಲ್ಕು ಪ್ರತಿ ಮಾಡುತ್ತಾರೆ. ಒಟ್ಟು 3000. ಇವನ್ನೆಲ್ಲ ಕಲಸಿ, ಶೇ. 20ನ್ನು ಟೆಸ್ಟ್‌ಗೆ ಎತ್ತಿಡುತ್ತಾರೆ. ಟೆಸ್ಟ್‌ಗೆ ಬಂದ ಒಂದು ಫೋಟೊದ ನಾಲ್ಕೂ ಜೊತೆಗಾರರು ಟೆಸ್ಟ್‌ನಲ್ಲೇ ಇರುವ ಸಾಧ್ಯತೆ ಎಷ್ಟು? 0.2ನ್ನು ನಾಲ್ಕು ಸಲ ಗುಣಿಸಿದರೆ 0.0016. ಅಂದರೆ ಟೆಸ್ಟ್‌ನ 600 ಫೋಟೊಗಳಲ್ಲಿ ಮಾಡೆಲ್‌ಗೆ ನಿಜವಾಗಿ ಹೊಸದಾದದ್ದು ಸರಾಸರಿ ಸುಮಾರು ಒಂದೇ. ಉಳಿದ ಎಲ್ಲವುಗಳ ಇನ್ನೊಂದು ರೂಪವನ್ನು ಅದು ಆಗಲೇ ಕಲಿತಾಗಿದೆ. ಡೇಟಾ ಸೋರಿಕೆ ಎನ್ನುವುದು ಇದನ್ನೇ.

ಈ ಸೋರಿಕೆಯಿಂದ ದೊಡ್ಡ ನಷ್ಟವಾಗುವುದು ಇನ್ನೊಂದು ಕಡೆ. ಮಾಡೆಲ್ ರೋಗದ ಲಕ್ಷಣ ಕಲಿಯದೆ ಫೋಟೊಗಳನ್ನೇ ಉರು ಹೊಡೆದರೆ ಅದು ಓವರ್‌ಫಿಟ್ಟಿಂಗ್. ಟ್ರೇನ್‌ನಲ್ಲಿ 99, ಟೆಸ್ಟ್‌ನಲ್ಲಿ 80 ಬಂದರೆ ಆ ಅಂತರದಿಂದಲೇ ಅದು ಗೊತ್ತಾಗಬೇಕು. ಆದರೆ ಟೆಸ್ಟ್‌ನಲ್ಲೂ ಅವೇ ಎಲೆಗಳಿದ್ದರೆ ಉರು ಹೊಡೆದವನಿಗೂ 99 ಅಂಕ ಸಿಗುತ್ತದೆ. ಅಂತರ ಕಾಣುವುದೇ ಇಲ್ಲ. ಹಾಗಾಗಿ ಎರಡೂ ಅಂಕಿಗಳು ಹತ್ತಿರ ಇವೆ ಎಂಬ ಒಂದೇ ಕಾರಣಕ್ಕೆ ನೆಮ್ಮದಿಪಡಬೇಡಿ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಅಂತರ ಅಳೆಯಿರಿ.

ನಿಲ್ಲಿಸುವುದು ಕಷ್ಟವಲ್ಲ. ಮೊದಲು ಪಾಲು ಮಾಡಿ, ಪ್ರತಿಗಳನ್ನು ಆಮೇಲೆ, ಅದೂ ಟ್ರೇನ್ ಪಾಲಿಗೆ ಮಾತ್ರ ಮಾಡಿ. ಒಂದೇ ಎಲೆಯನ್ನು ಹಲವು ಕೋನಗಳಿಂದ ತೆಗೆದಿದ್ದರೆ ಪ್ರತಿ ಎಲೆಗೂ ಒಂದು ಸಂಖ್ಯೆ ಕೊಟ್ಟು, ಎಲೆಯನ್ನೇ ಘಟಕವಾಗಿ ಹಂಚಿ:

```python
gss = GroupShuffleSplit(n_splits=1, test_size=0.2, random_state=42)
tr, te = next(gss.split(paths, labels, groups=leaf_id))
assert set(leaf_id[tr]).isdisjoint(leaf_id[te])
```

ಕೊನೆಯ ಸಾಲು ಒಂದು ಕಾವಲು. ಒಂದೇ ಒಂದು ಎಲೆ ಎರಡೂ ಕಡೆ ಇದ್ದರೂ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ.

ಇದಾದ ಮೇಲೆ ನಿಖರತೆ ಇಳಿಯಬಹುದು. ಗಾಬರಿ ಬೇಡ, ಮಾಡೆಲ್ ಮೊದಲೂ ಅಷ್ಟೇ ಇತ್ತು. ಈಗ ಟ್ರೇನ್ ಪಾಲಿನಿಂದಲೇ ಕೆಲವು ಎಲೆಗಳನ್ನು ವ್ಯಾಲಿಡೇಷನ್‌ಗೆಂದು ತೆಗೆದಿಟ್ಟು, ಪ್ರತಿ ಸುತ್ತಿನ ನಂತರ ಎರಡೂ ಪಾಲಿನ ದೋಷದ ಗೆರೆ ಎಳೆಯಿರಿ. ಆರಂಭದಲ್ಲಿ ಎರಡೂ ಇಳಿಯುತ್ತವೆ. ಹನ್ನೆರಡನೆಯ ಸುತ್ತಿನ ಹೊತ್ತಿಗೆ ಟ್ರೇನ್ ಗೆರೆ ಇಳಿಯುತ್ತಲೇ ಇದ್ದು ವ್ಯಾಲಿಡೇಷನ್ ಗೆರೆ ಮೇಲೇಳತೊಡಗಿದರೆ, ಉರು ಹೊಡೆಯುವುದು ಅಲ್ಲಿಂದ ಶುರುವಾಗಿದೆ ಎಂದರ್ಥ. ಆ ಸುತ್ತಿನ ಮಾಡೆಲ್ ಉಳಿಸಿಕೊಳ್ಳಿ. ಟೆಸ್ಟ್ ಪಾಲನ್ನು ಮಾತ್ರ ಎಲ್ಲ ತೀರ್ಮಾನಗಳೂ ಮುಗಿದ ಮೇಲೆ ಒಂದೇ ಸಲ ತೆರೆಯಿರಿ. ಅದರ ಅಂಕ ನೋಡಿ ಮತ್ತೆ ಮಾಡೆಲ್ ತಿದ್ದಿದರೆ ಅದೂ ಸೋರಿಕೆಯೇ.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಉಳಿಯುತ್ತದೆ. ಈ ಬಗೆಯ ಪ್ರಾಜೆಕ್ಟ್‌ಗಳು ಹೆಚ್ಚಾಗಿ ನೆಚ್ಚಿಕೊಳ್ಳುವ ಪ್ಲಾಂಟ್‌ವಿಲೇಜ್ ಸಂಗ್ರಹದಲ್ಲಿ 54,306 ಫೋಟೊಗಳಿವೆ. ಅದರ ಮೇಲೆ 2016ರಲ್ಲಿ ಮೊಹಾಂತಿ, ಹ್ಯೂಸ್ ಮತ್ತು ಸಲಾಥೆ ಪ್ರಕಟಿಸಿದ ಅಧ್ಯಯನ ಒಂದೇ ಎಲೆಯ ಫೋಟೊಗಳು ಎರಡೂ ಕಡೆ ಹೋಗದಂತೆ ಎಚ್ಚರ ವಹಿಸಿತ್ತು. ನಿಖರತೆ ಶೇ. 99.35 ಬಂತು. ಬೇರೆ ಸನ್ನಿವೇಶದಲ್ಲಿ ತೆಗೆದ ಫೋಟೊಗಳನ್ನು ಕೊಟ್ಟಾಗ ಅದು ಶೇ. 31ರ ಆಸುಪಾಸಿಗೆ ಕುಸಿಯಿತು. ಲೇಖಕರೇ ಅದನ್ನು ಮುಚ್ಚುಮರೆಯಿಲ್ಲದೆ ಬರೆದರು. ಈ ಸಂಗ್ರಹದ ಎಲೆಗಳೆಲ್ಲ ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದವು. ಆ ಹಿನ್ನೆಲೆಯಲ್ಲೇ ಸುಳಿವು ಅಡಗಿದೆಯೇ ಎಂದು 2022ರಲ್ಲಿ ಇನ್ನೊಂದು ಅಧ್ಯಯನ ನೋಡಿತು. ಎಲೆಯನ್ನೇ ತೋರಿಸದೆ, ಹಿನ್ನೆಲೆಯ ಬರೀ 8 ಪಿಕ್ಸೆಲ್‌ಗಳಿಂದ ಕಲಿಸಿದ ಮಾಡೆಲ್ 38 ವರ್ಗಗಳ ನಡುವೆ ಶೇ. 49ರಷ್ಟು ಸರಿಯಾಗಿ ಗುರುತಿಸಿತು. ಸುಮ್ಮನೆ ಊಹಿಸಿದ್ದರೆ ಶೇ. 3 ಕೂಡ ಬರುತ್ತಿರಲಿಲ್ಲ. ಸಂಗ್ರಹದೊಳಗಿನ ಟೆಸ್ಟ್ ಪಾಲಿನಲ್ಲೂ ಅದೇ ಹಿನ್ನೆಲೆ ಇರುವುದರಿಂದ, ಎಷ್ಟೇ ಜಾಣತನದಿಂದ ಪಾಲು ಮಾಡಿದರೂ ಈ ದೋಷ ಹೊರಬೀಳದು.

ಆದ್ದರಿಂದ ವರದಿ ಸಲ್ಲಿಸುವ ಮುನ್ನ ಒಂದು ದಿನ ಯಾವುದಾದರೂ ತೋಟಕ್ಕೆ ಹೋಗಿ. ಕೋಲಾರದ ಕಡೆಯವರಾದರೆ ಟೊಮೆಟೊ ತೋಟ ಹುಡುಕುವುದು ಕಷ್ಟವಾಗದು. ಗಿಡದಲ್ಲೇ ಇರುವ ಐವತ್ತು ಎಲೆಗಳ ಫೋಟೊವನ್ನು ನಿಮ್ಮದೇ ಮೊಬೈಲ್‌ನಲ್ಲಿ ತೆಗೆದು, ರೋಗದ ಹೆಸರನ್ನು ತಿಳಿದವರಿಂದ ಖಚಿತಪಡಿಸಿಕೊಂಡು, ಮಾಡೆಲ್‌ಗೆ ಕೊಡಿ. ಬಂದ ಅಂಕಿ ಎಷ್ಟೇ ಕಡಿಮೆಯಿರಲಿ, ಅದನ್ನೂ ಶೇ. 99ರ ಪಕ್ಕದಲ್ಲೇ ಬರೆಯಿರಿ. ರೈತನಿಗೆ ಬೇಕಾಗುವುದು ಆ ಎರಡನೆಯ ಅಂಕಿ.