ಒಬ್ಬ ಗಿರಾಕಿಯನ್ನು ತರಲು ಎಷ್ಟು ಖರ್ಚು ಮಾಡಬಹುದು?

ನ್ಯೂಯಾರ್ಕ್‌ನ ಬ್ಲೂ ಏಪ್ರನ್ ಕಂಪನಿ 2017ರ ಜೂನ್ ಕೊನೆಯಲ್ಲಿ ಷೇರುಪೇಟೆಗೆ ಬಂತು. ಒಂದು ಹೊತ್ತಿನ ಅಡುಗೆಗೆ ಬೇಕಾದ ತರಕಾರಿ, ಮಾಂಸ, ಮಸಾಲೆಯನ್ನು ಅಳೆದು ಪೆಟ್ಟಿಗೆಯಲ್ಲಿಟ್ಟು, ಮಾಡುವ ವಿಧಾನದ ಚೀಟಿಯೊಂದಿಗೆ ವಾರವಾರ ಮನೆಗೆ ಕಳಿಸುವುದು ಅದರ ವ್ಯಾಪಾರ. 2016ರಲ್ಲಿ ಅದರ ವಹಿವಾಟು ಸುಮಾರು 79.5 ಕೋಟಿ ಡಾಲರ್. ಜಾಹೀರಾತು, ಪ್ರಚಾರಕ್ಕೆಂದು ಸುರಿದದ್ದು 14.4 ಕೋಟಿ. ಆ ವರ್ಷ ನಷ್ಟವಾಗಿದ್ದರೂ, ಇಷ್ಟು ಸುರಿದದ್ದು ಸರಿಯೇ ಎಂದು ಕೇಳಿದವರಿಗೆ ಕಂಪನಿಯ ಬಳಿ ಉತ್ತರವಿತ್ತು.

ಒಬ್ಬ ಹೊಸ ಗ್ರಾಹಕನನ್ನು ತರಲು ತಮಗೆ ಸರಾಸರಿ 94 ಡಾಲರ್ ತಗಲಿದೆ, ಮೂರು ವರ್ಷಗಳಲ್ಲಿ ಅವನಿಂದ 939 ಡಾಲರ್ ವ್ಯಾಪಾರ ಬರುತ್ತದೆ ಎಂದು ಅದು ದಾಖಲೆಗಳಲ್ಲಿ ಹೇಳಿತು. ಕೊಟ್ಟದ್ದು ಒಂದು, ಬಂದದ್ದು ಹತ್ತು! ಆದರೆ 939 ಲಾಭವಲ್ಲ, ವ್ಯಾಪಾರ. ಆಹಾರ, ಪೆಟ್ಟಿಗೆ, ಸಾಗಣೆಗೆ ಪ್ರತಿ ಡಾಲರ್‌ನಲ್ಲಿ ಸುಮಾರು 67 ಸೆಂಟ್ ಹೋಗುತ್ತಿತ್ತು. ಅದನ್ನು ಕಳೆದರೆ ಉಳಿಯುವುದು 310 ಡಾಲರ್. ಗ್ರಾಹಕನ ಜೀವಿತಾವಧಿ ಮೌಲ್ಯ ಎನ್ನಬೇಕಾದದ್ದು ಇದನ್ನೇ.

ಆದರೂ 94 ಹಾಕಿ 310 ಪಡೆಯುವುದು ಕೆಟ್ಟ ವ್ಯಾಪಾರವೇನಲ್ಲ. ತಂದ ಖರ್ಚಿನ ಮೂರು ಪಟ್ಟಾದರೂ ಮೌಲ್ಯ ಬರಬೇಕು ಎಂಬುದು ಅಮೆರಿಕದ ಸಾಫ್ಟ್‌ವೇರ್ ಹೂಡಿಕೆದಾರರಿಂದ ಬಂದ ರೂಢಿಯ ಮಾತು. ಬಾಡಿಗೆ, ಸಂಬಳ, ಬಡ್ಡಿ ಎಲ್ಲವೂ ಆ ಉಳಿಕೆಯಿಂದಲೇ ಹೊರಡಬೇಕಾದ್ದರಿಂದ ಒಂದಕ್ಕೆ ಒಂದೂವರೆ ಸಾಲದು. ಬ್ಲೂ ಏಪ್ರನ್ ಆ ಪರೀಕ್ಷೆಯಲ್ಲಿ ಪಾಸು.

ತೊಂದರೆ ಇದ್ದದ್ದು ಸರಾಸರಿಯಲ್ಲಿ. 94 ಎಂಬುದು 2014ರಿಂದ ಕೂಡಿಸಿ ಭಾಗಿಸಿದ ಅಂಕಿ. ಶುರುವಿನ ವರ್ಷಗಳಲ್ಲಿ ಇಂಥ ಪೆಟ್ಟಿಗೆಗೆ ಕಾದು ಕೂತವರು ಸುಲಭವಾಗಿ ಸಿಕ್ಕಿದ್ದರು. ಆಮೇಲೆ ಉಳಿದವರು ಅರೆಮನಸ್ಸಿನವರು. 2017ರ ಮೊದಲ ಮೂರು ತಿಂಗಳ ಪ್ರಚಾರ ವೆಚ್ಚ ಹಿಂದಿನ ವರ್ಷದ ಅದೇ ಅವಧಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ 6 ಕೋಟಿ ಡಾಲರ್ ದಾಟಿತು, ಗ್ರಾಹಕರು ಹೆಚ್ಚಿದ್ದು ಶೇಕಡ 60ರಷ್ಟು. ಇನ್ನೊಂದು ಸಂಗತಿ: ಮೂರು ವರ್ಷದ ಖರೀದಿಯ ಲೆಕ್ಕ ಕೊಡಬಲ್ಲವರು ಮೂರು ವರ್ಷದ ಹಿಂದೆ ಸೇರಿದವರು ಮಾತ್ರ. ನಿನ್ನೆ ರಿಯಾಯಿತಿ ನೋಡಿ ಬಂದವರೂ ಅವರಂತೆಯೇ ಉಳಿಯುತ್ತಾರೆ ಎಂದು ನಂಬಿದ್ದು ಬರೀ ಆಸೆ. ಕಂಪನಿಯೇ ಪ್ರಕಟಿಸಿದ ಅಂಕಿಗಳನ್ನು ಬಿಡಿಸಿ ನೋಡಿದ ಪ್ರಾಧ್ಯಾಪಕ ಡೇನಿಯಲ್ ಮೆಕಾರ್ಥಿ, ಸೇರಿದವರಲ್ಲಿ ಸುಮಾರು ಶೇಕಡ 70 ಮಂದಿ ಆರೇ ತಿಂಗಳಲ್ಲಿ ಬಿಟ್ಟುಹೋಗುತ್ತಾರೆ ಎಂದು ಅಂದಾಜಿಸಿದರು.

ಮುಂದೆ ಪ್ರಚಾರದ ಖರ್ಚು ತಗ್ಗಿಸಿದ್ದೇ ತಡ, ಗ್ರಾಹಕರೂ ಕರಗಿದರು. ಹತ್ತು ಲಕ್ಷ ದಾಟಿದ್ದ ಸಂಖ್ಯೆ 2018ರ ಕೊನೆಗೆ ಐದೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. 2023ರಲ್ಲಿ ಕಂಪನಿ ಮಾರಾಟವಾದದ್ದು 10.3 ಕೋಟಿ ಡಾಲರ್‌ಗೆ.

ಇದೇ ಲೆಕ್ಕವನ್ನು ತಿಂಗಳ ಊಟದ ಡಬ್ಬಿ ಕಳಿಸುವ ಅಡುಗೆಮನೆಗೆ ಹಚ್ಚಿ ನೋಡೋಣ (ಅಂಕಿಗಳು ಊಹೆಯವು). ಗಿರಾಕಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಾನೆ, ದಿನಸಿ, ಗ್ಯಾಸ್, ತಲುಪಿಸುವ ಹುಡುಗನ ಕೂಲಿ ಕಳೆದು 900 ಉಳಿಯುತ್ತದೆ. ತಿಂಗಳಿಗೆ ನೂರಕ್ಕೆ 15 ಮಂದಿ ಬಿಡುತ್ತಾರೆ ಎಂದರೆ ಸರಾಸರಿ ಗಿರಾಕಿ ಆರೂವರೆ ತಿಂಗಳಿಗೆ ತುಸು ಹೆಚ್ಚು ಇರುತ್ತಾನೆ. 900ನ್ನು 0.15ರಿಂದ ಭಾಗಿಸಿದರೆ ಮೌಲ್ಯ 6,000. ಮೂರು ಪಟ್ಟಿನ ನಿಯಮದಂತೆ ಒಬ್ಬನಿಗೆ 2,000 ರೂಪಾಯಿವರೆಗೆ ಖರ್ಚು ಮಾಡಬಹುದು.

ಈಗ ಜಾಹೀರಾತಿಗೆ 20,000 ಹಾಕಿದಾಗ ಹತ್ತು ಮಂದಿ ಬಂದರು, ತಲೆಗೆ 2,000. ಹುರುಪಿನಿಂದ ಮುಂದಿನ ತಿಂಗಳು 40,000 ಹಾಕಿದರೆ ಬಂದವರು 13. ಸರಾಸರಿ 3,077, ಮೌಲ್ಯಕ್ಕಿಂತ ಕಡಿಮೆಯೇ ಎಂದು ಮಾಲೀಕ ಸಮಾಧಾನಪಡುತ್ತಾನೆ. ಆದರೆ ಹೆಚ್ಚುವರಿ 20,000 ತಂದದ್ದು ಮೂವರನ್ನು ಮಾತ್ರ, ಒಬ್ಬೊಬ್ಬನಿಗೆ 6,667! ಆ ಮೂವರಿಂದ ಜೀವಮಾನದಲ್ಲಿ ಬರುವುದಕ್ಕಿಂತ ಹೆಚ್ಚು ಹಣ ಅವರನ್ನು ಕರೆತರಲು ಹೋಗಿದೆ. ಜಾಹೀರಾತಿನ ಮೊತ್ತ ನಿಲ್ಲಬೇಕಾದ ಜಾಗ ತಿಳಿಯುವುದು ಸರಾಸರಿಯಿಂದಲ್ಲ, ಕೊನೆಯ ಕಂತಿನ ಹಣಕ್ಕೆ ಎಷ್ಟು ಮಂದಿ ಬಂದರು ಎಂಬುದರಿಂದ.

ಸ್ನೇಹಿತರು ಹೇಳಿದ್ದಕ್ಕೆ ಬಂದವರನ್ನೂ ಜಾಹೀರಾತಿನ ಖಾತೆಗೆ ಸೇರಿಸಿಬಿಟ್ಟರೆ ಅದರ ವೆಚ್ಚ ಅಗ್ಗವಾಗಿ ಕಾಣುತ್ತದೆ. ಜಾಹೀರಾತು ನೋಡಿ ಬಂದವರಲ್ಲಿ ತಿಂಗಳಿಗೆ ನೂರಕ್ಕೆ 30 ಮಂದಿ ಬಿಡುತ್ತಿದ್ದರೆ ಅವರ ಮೌಲ್ಯ 3,000 ಮಾತ್ರ, ಆಗ ಖರ್ಚಿನ ಮಿತಿಯೂ 1,000ಕ್ಕೆ ಇಳಿಯುತ್ತದೆ. ಹಾಗಾಗಿ ಗಿರಾಕಿ ಸೇರಿದ ದಿನ, ಯಾರಿಂದ ತಿಳಿದು ಬಂದ, ಬಿಟ್ಟ ದಿನ, ಈ ಮೂರನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಆರು ತಿಂಗಳ ಪುಟಗಳು ಕೈಯಲ್ಲಿರುವತನಕ ಜಾಹೀರಾತಿನ ಮೊತ್ತ ಹೆಚ್ಚಿಸಬೇಡಿ.